ಹಳೆಯ ಸಹಪಾಠಿಗಳಿಗೆ ಒಂದು ಕಾಗದ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಈ ಸಲ ನನಗೆ ಕೊಟ್ಟಿರುವ ವಿಷಯ ಬಹಳ ಸಣ್ಣದು. ಹಳೆಯ ವಿದ್ಯಾರ್ಥಿಗಳ ಪುನರ್ಮಿಲನಕ್ಕೆ ಕರೆಯುವ ಕಾಗದವನ್ನು ಹೇಗೆ ಬರೆಯಬೇಕು ಎಂಬುದು. ಇದರಲ್ಲಿ ಮಾತನಾಡುವುದಕ್ಕೆ ಏನಿದೆ ಎಂದು ನಿಮಗೆ ಅನಿಸಬಹುದು, ನನಗೂ ಹಾಗೆಯೇ ಅನಿಸಿತ್ತು. ನಾನು ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವಳು. ಆಮಂತ್ರಣ ಪತ್ರ, ರಜಾ ಅರ್ಜಿ, ಅಭಿನಂದನಾ ಪತ್ರ ಎಲ್ಲವನ್ನೂ ಮಕ್ಕಳಿಗೆ ಹೇಳಿಕೊಟ್ಟು, ಅಂಕ ಹಾಕಿ, ಕೆಂಪು ಶಾಯಿಯಲ್ಲಿ ತಿದ್ದುವವಳು. ಅಂಥ ನಾನೇ 2024ರಲ್ಲಿ ನನ್ನ ಸಹಪಾಠಿಗಳಿಗೆ ಬರೆದ ಕರೆ ಪೂರ್ತಿ ಕೆಟ್ಟುಹೋಯಿತು. 2025ರಲ್ಲಿ ಬರೆದದ್ದು ಕೆಲಸ ಮಾಡಿತು. ಈ ಎರಡರ ನಡುವೆ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತೇನೆ.

ನಮ್ಮದು ಹರಿಹರದ ಒಂದು ಉರ್ದು ಪ್ರೌಢಶಾಲೆಯ 2005ರ ಎಸ್ಸೆಸ್ಸೆಲ್ಸಿ ಬ್ಯಾಚು. ಎರಡು ಸೆಕ್ಷನ್ ಸೇರಿ ಹಾಜರಿ ಪುಸ್ತಕದಲ್ಲಿ 74 ಹೆಸರುಗಳಿದ್ದವು. ಹುಡುಗರು 36, ಹುಡುಗಿಯರು 38.

2024ರ ಆಗಸ್ಟ್ ತಿಂಗಳಲ್ಲಿ ನಾನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೀಗೆ ಬರೆದೆ: "ಮುಂದಿನ ವರ್ಷಕ್ಕೆ ನಮಗೆ ಇಪ್ಪತ್ತು ವರ್ಷ ಆಗುತ್ತದೆ. ಎಲ್ಲರೂ ಒಂದು ದಿನ ಸೇರೋಣ. ಯಾವಾಗ, ಎಲ್ಲಿ ಅಂತ ನೀವೇ ಹೇಳಿ. ತಲಾ 1500 ರೂಪಾಯಿ ಹಾಕಿಕೊಂಡರೆ ಚೆನ್ನಾಗಿ ಮಾಡಬಹುದು." ಹತ್ತು ನಿಮಿಷದಲ್ಲಿ ಮಾಷಾ ಅಲ್ಲಾಹ್‌ಗಳು, ಹೂಗಳು, ಹೆಬ್ಬೆರಳುಗಳು ಬಂದವು. ನನಗೆ ಖುಷಿಯೋ ಖುಷಿ. ಒಂದು ವಾರದಲ್ಲಿ ಏಳು ಬೇರೆ ಬೇರೆ ದಿನಾಂಕಗಳು ಬಂದವು. ಒಬ್ಬರು ಬಕ್ರೀದ್ ಆದ ಮೇಲೆ ಎಂದರು, ಮತ್ತೊಬ್ಬರು ದಸರಾ ರಜೆ ಎಂದರು. ಒಬ್ಬ ಪುಣ್ಯಾತ್ಮ ಗೋವಾಕ್ಕೆ ಹೋಗೋಣ ಎಂದ. ಗೋವಾ ಎಂಬ ಮಾತು ಬಂದದ್ದೇ ತಡ, ಗುಂಪಿನಲ್ಲಿದ್ದ ಕೆಲವೇ ಹೆಣ್ಣುಮಕ್ಕಳೂ ಮಾತು ನಿಲ್ಲಿಸಿಬಿಟ್ಟರು. ಮೂರನೆಯ ವಾರ ಯಾರೋ ಕ್ರಿಕೆಟ್ ವಿಡಿಯೋ ಹಾಕಿದರು, ಅಲ್ಲಿಗೆ ಪುನರ್ಮಿಲನ ಮುಗಿಯಿತು.

ಇದನ್ನು ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ಇದರಲ್ಲಿ ತಮಾಷೆಯಲ್ಲದ ಒಂದು ಸಂಗತಿಯೂ ಇದೆ. ಅದೇ ಮಳೆಗಾಲದಲ್ಲಿ ನಮ್ಮ ಉರ್ದು ಮಾಸ್ತರರು ಸಂತೆಯಲ್ಲಿ ಸಿಕ್ಕಿದ್ದರು. ಕೈಯಲ್ಲಿ ಕೋಲು, ಕಣ್ಣು ಮಂಜು. ನನ್ನ ದನಿಯಿಂದಲೇ ಗುರುತು ಹಿಡಿದರು. "ಬೇಟಿ, ನಿಮ್ಮ ಬ್ಯಾಚಿನವರು ಸೇರುತ್ತಾರೆ ಅಂತ ಕೇಳಿದೆ. ನನ್ನನ್ನೂ ಕರೆಯಿರಿ, ಮರೆಯಬೇಡಿ" ಎಂದರು. ಡಿಸೆಂಬರ್ ತಿಂಗಳಲ್ಲಿ ಅವರು ತೀರಿಕೊಂಡರು. ಅವರ ಮನೆಗೆ ಹೋದಾಗ ನಮ್ಮ ಬ್ಯಾಚಿನವರು ಹದಿನೈದಿಪ್ಪತ್ತು ಮಂದಿ ಅಲ್ಲಿ ಸೇರಿದ್ದರು. ಯಾರೂ ಗುಂಪಿನಲ್ಲಿ ದಿನಾಂಕ ಕೇಳಿರಲಿಲ್ಲ, ಎಲ್ಲರೂ ಬಂದಿದ್ದರು. ಆ ಅಂಗಳದಲ್ಲಿ ನಿಂತೇ ನಾವು ಮೂವರು, ಅಂದರೆ ನಾನು, ಮೊಬೈಲ್ ಅಂಗಡಿ ಇಟ್ಟಿರುವ ಒಬ್ಬ ಸಹಪಾಠಿ, ದಾವಣಗೆರೆಯಲ್ಲಿ ಲೆಕ್ಕಪತ್ರ ಬರೆಯುವ ಇನ್ನೊಬ್ಬ, ಈ ಕೆಲಸವನ್ನು ಕೈಗೆತ್ತಿಕೊಂಡೆವು.

ಮೊದಲು ಮಾಡಿದ ಕೆಲಸ ಕಾಗದ ಬರೆಯುವುದಲ್ಲ, ಹೆಸರು ಎಣಿಸುವುದು. ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದರು, ಅದನ್ನೇ ನಾವು ಬ್ಯಾಚು ಎಂದುಕೊಂಡಿದ್ದೆವು. ಶಾಲೆಗೆ ಹೋಗಿ ಹಳೆಯ ಹಾಜರಿ ಪುಸ್ತಕ ನೋಡಿ 74 ಹೆಸರುಗಳನ್ನು ಬರೆದುಕೊಂಡ ಮೇಲೆ ಉಳಿದ 31 ಜನ ಯಾರು ಎಂಬುದು ಕಾಣಿಸಿತು. ಮೂವರು ಅಲ್ಲಾಹನ ರಹಮತ್ತಿಗೆ ಸೇರಿದ್ದಾರೆ, ಅವರಲ್ಲಿ ಒಬ್ಬರು 2021ರ ಕೊರೊನಾದಲ್ಲಿ. ಹತ್ತು ಜನರ ಸುಳಿವು ಸಿಗಲಿಲ್ಲ. ಮಿಕ್ಕ ಹದಿನೆಂಟು ಜನರಲ್ಲಿ ಹದಿನಾಲ್ಕು ಮಂದಿ ಹೆಣ್ಣುಮಕ್ಕಳು. ಕೆಲವರ ಹತ್ತಿರ ಸಾದಾ ಫೋನು, ಕೆಲವರಿಗೆ ಗಂಡನದೋ ಮಗನದೋ ಫೋನು. ಹೀಗಿರುವಾಗ ಗುಂಪಿನಲ್ಲಿ ಹಾಕಿದ ಸಂದೇಶವನ್ನು "ಎಲ್ಲರಿಗೂ ತಿಳಿಸಿದೆ" ಎಂದು ಹೇಳುವುದು ಸುಳ್ಳಾಗುತ್ತದೆ. ನಿಮ್ಮ ಬ್ಯಾಚಿಗೆ ಕಾಗದ ಬರೆಯುವ ಮೊದಲು ನೀವೂ ಹಾಜರಿ ಪುಸ್ತಕ ನೋಡಿ. ಮುಖ್ಯೋಪಾಧ್ಯಾಯರಿಗೆ ಒಂದು ಅರ್ಜಿ ಕೊಟ್ಟರೆ ಹೆಸರು ಬರೆದುಕೊಳ್ಳಲು ಬಿಡುತ್ತಾರೆ. ಅದರಲ್ಲಿರುವ ಹಳೆಯ ವಿಳಾಸಕ್ಕೆ ಹೋದರೆ, ಹುಡುಗಿ ಮದುವೆಯಾಗಿ ಹೋಗಿದ್ದರೂ ಅವಳ ತಾಯಿಯೋ ಅತ್ತಿಗೆಯೋ ಅಲ್ಲೇ ಇರುತ್ತಾರೆ. ನಮ್ಮ ಹದಿನೆಂಟರಲ್ಲಿ ಹನ್ನೊಂದು ಜನ ಸಿಕ್ಕಿದ್ದು ಹೀಗೆ.

ಈಗ ದಿನಾಂಕದ ವಿಷಯ. "ಯಾವಾಗ ಅನುಕೂಲ?" ಎಂದು ಕೇಳಿದರೆ ಅದು ಪ್ರಶ್ನೆಯಲ್ಲ, ಜಗಳಕ್ಕೆ ಆಹ್ವಾನ. ತಾತ್ಕಾಲಿಕ ದಿನ ಎಂದರೆ ಇನ್ನೂ ಯೋಚಿಸದ ದಿನ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕರೆಯುವವರು ಪೂರ್ತಿ ಯೋಚಿಸಿ, ಇದೇ ದಿನ ಎಂದು ತಮ್ಮಲ್ಲಿ ನಿಶ್ಚಯಿಸಿ, ಉಳಿದವರ ಅಡ್ಡಿ ಕೇಳಲು ಒಂದೇ ಒಂದು ಕಿಟಕಿ ತೆರೆದಿಟ್ಟ ದಿನ ಅದು. ನಾವು 2025ರ ಕ್ಯಾಲೆಂಡರನ್ನು ನೆಲದ ಮೇಲೆ ಹಾಸಿ ಕುಳಿತೆವು. ಮಾರ್ಚ್ ಪೂರ್ತಿ ರಂಜಾನ್, ಮಾರ್ಚ್ 31ಕ್ಕೆ ಈದ್. ಏಪ್ರಿಲ್‌ನಲ್ಲಿ ನಮ್ಮ ಬ್ಯಾಚಿನ ಐವರು ಶಿಕ್ಷಕರಿಗೆ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳ ಮೌಲ್ಯಮಾಪನ. ಮೇ 26ರಿಂದ ಎಸ್ಸೆಸ್ಸೆಲ್ಸಿ ಎರಡನೆಯ ಪರೀಕ್ಷೆ, 29ಕ್ಕೆ ಶಾಲೆ ಶುರು. ಜೂನ್ 7ಕ್ಕೆ ಬಕ್ರೀದ್, ಅದರ ಹಿಂದಿನ ಎರಡು ವಾರ ಯಾರ ಕೈಯಲ್ಲೂ ಹಣ ಇರುವುದಿಲ್ಲ, ಸಮಯವೂ ಇರುವುದಿಲ್ಲ. ಹೀಗೆ ಒಂದೊಂದನ್ನೇ ಹೊಡೆದುಹಾಕುತ್ತಾ ಹೋದಾಗ ಉಳಿದದ್ದು ಮೇ 11 ಮತ್ತು ಮೇ 18, ಎರಡೂ ಭಾನುವಾರ.

ಹಬ್ಬದ ಹತ್ತಿರ ಇಟ್ಟರೆ ಎಲ್ಲರೂ ಊರಲ್ಲಿರುತ್ತಾರೆ ಎಂಬ ವಾದವೂ ಬಂತು. ಒಪ್ಪುವಂಥ ವಾದವೇ. ಆದರೆ ಈದ್ ಯಾವತ್ತು ಎಂಬುದನ್ನು ಚಂದ್ರನೇ ಹೇಳಬೇಕು. ಈದ್ ಆದ ಮರುದಿನ ಎಂದು ಬರೆದರೆ ಕೊನೆಯ ರಾತ್ರಿಯವರೆಗೂ ಬಾವರ್ಚಿಗೆ ದಿನ ಹೇಳಲಾಗುವುದಿಲ್ಲ, ಕುರ್ಚಿಯವನಿಗೂ ಹೇಳಲಾಗುವುದಿಲ್ಲ.

ಯಾವ ದಿನ ಆರಿಸಿದರೂ ಯಾರೋ ಒಬ್ಬರನ್ನು ಬಿಟ್ಟಂತೆಯೇ ಆಗುತ್ತದೆ. ನಾವು ಬೇಸಿಗೆ ರಜೆ ಹಿಡಿದದ್ದು ಹೆಣ್ಣುಮಕ್ಕಳಿಗಾಗಿ. ಮಕ್ಕಳ ರಜೆಯಲ್ಲಿ ಅವರು ತವರಿಗೆ ಬಂದಿರುತ್ತಾರೆ, ತವರಿನಿಂದ ಶಾಲೆಗೆ ಬರಲು ಯಾರ ಒಪ್ಪಿಗೆಯನ್ನೂ ಎರಡು ಸಲ ಕೇಳಬೇಕಾಗಿಲ್ಲ. ಆದರೆ ಸೌದಿ, ದುಬೈ, ಕುವೈತ್‌ನಲ್ಲಿರುವ ಆರು ಜನ ಗೆಳೆಯರಿಗೆ ಆ ದಿನ ಹೊಂದಲಿಲ್ಲ. ಅವರಲ್ಲಿ ಮಕ್ಕಳನ್ನು ಜೊತೆಗಿಟ್ಟುಕೊಂಡವರಿಗೆ ಜುಲೈ, ಆಗಸ್ಟ್‌ನಲ್ಲಿ ರಜೆ. ಒಂಟಿಯಾಗಿ ದುಡಿಯುವವರು ರಜೆ ಮತ್ತು ಟಿಕೆಟ್ಟನ್ನು ತಿಂಗಳುಗಳ ಮುಂಚೆ ಹೊಂದಿಸಿಕೊಳ್ಳಬೇಕು. ನಮ್ಮ ಕಾಗದ ಹೋದದ್ದು ನಲವತ್ತು ದಿನ ಮೊದಲು. ಆರರಲ್ಲಿ ಒಬ್ಬ ಬಂದ, ಅದೂ ಅವನ ತಂಗಿಯ ಮದುವೆ ಇದ್ದುದರಿಂದ. ಕೊಲ್ಲಿಯವರು ಹೆಚ್ಚಿರುವ ಬ್ಯಾಚು ನಿಮ್ಮದಾದರೆ ಆರು ತಿಂಗಳ ಮೊದಲೇ ದಿನ ಹೇಳಿ, ಆಗಸ್ಟ್ ನೋಡಿ. ಎರಡನ್ನೂ ಒಟ್ಟಿಗೆ ಸಾಧಿಸಲು ಹೋದರೆ 2024ರ ನನ್ನ ಗತಿಯೇ ಆಗುತ್ತದೆ.

ಸ್ಥಳಕ್ಕೆ ಮೂರು ಆಯ್ಕೆ ಇದ್ದವು. ಒಂದು, ನಮ್ಮ ಶಾಲೆಯ ಹಜಾರ. ಎರಡು, ಊರಿನ ಒಂದು ಶಾದಿ ಮಹಲಿನ ಊಟದ ಕೋಣೆ. ಮೂರು, ಬಸ್ಸು ಮಾಡಿಕೊಂಡು ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರಕ್ಕೆ ಹೋಗುವುದು. ಕಾಗದದಲ್ಲಿ ಮೂರನ್ನೂ ಬರೆದು ಮತ ಕೇಳೋಣ ಎಂದು ಮೊದಲು ಅಂದುಕೊಂಡಿದ್ದೆವು. ಲೆಕ್ಕದ ಗೆಳೆಯ ತಡೆದ. ಎರಡು ದಿನ, ಮೂರು ಸ್ಥಳ ಎಂದರೆ ಆರು ಬಗೆಯ ಉತ್ತರ, 61 ಜನ, ಯಾವುದಕ್ಕೂ ಬಹುಮತ ಬರುವುದಿಲ್ಲ ಎಂದ. ಆದ್ದರಿಂದ ಸ್ಥಳಗಳನ್ನು ನಾವೇ ಹೋಗಿ ನೋಡಿ ಬಂದೆವು. ಶಾಂತಿಸಾಗರದ ಕೆರೆ ಕಣ್ಣಿಗೆ ಹಬ್ಬ, ಆದರೆ ಕೂಸು ಹೊತ್ತ ತಾಯಂದಿರಿಗೆ ಶೌಚಾಲಯ, ನೆರಳು, ಮಳೆ ಬಂದರೆ ನಿಲ್ಲುವ ಜಾಗ ಇವೆಲ್ಲ ಬೇಕು. ಬೆಳಿಗ್ಗೆ ಬಸ್ಸಿಗೆ ತಡವಾದವರು ಇಡೀ ದಿನವನ್ನೇ ಕಳೆದುಕೊಳ್ಳುತ್ತಾರೆ. ಮಧ್ಯಾಹ್ನ ಎರಡು ಗಂಟೆಗಾದರೂ ಬಂದುಹೋಗುತ್ತೇನೆ ಎನ್ನುವ ಅಂಗಡಿಯವನಿಗೆ ಅಲ್ಲಿ ಬಾಗಿಲೇ ಇಲ್ಲ. ಶಾದಿ ಮಹಲು ಚೆನ್ನಾಗಿತ್ತು, ಆದರೆ ಮದುವೆಯ ಕಾಲ. ಭಾನುವಾರ ಮದುವೆಯವರು ಬಂದರೆ ನಮ್ಮನ್ನು ಬದಿಗೆ ಸರಿಸುತ್ತಾರೆ ಎಂಬುದು ಮ್ಯಾನೇಜರರ ಮಾತಿನ ಧಾಟಿಯಲ್ಲೇ ತಿಳಿಯಿತು. ಕಾಗದದಲ್ಲಿ ಶಾಲೆಯನ್ನು ಮೊದಲ ಆಯ್ಕೆಯಾಗಿ, ಶಾಲೆಗೆ ಅನುಮತಿ ಸಿಗದಿದ್ದರೆ ಮಾತ್ರ ಶಾದಿ ಮಹಲು ಎಂದು ಬರೆದೆವು. ಜನರಿಂದ ನಾವು ಕೇಳಿದ್ದು ದಿನವೊಂದನ್ನೇ.

ಶಾಲೆಗೆ ಬಾಡಿಗೆ ಇಲ್ಲ, ಆದರೆ ಪುಕ್ಕಟೆ ಎಂದು ತಿಳಿಯಬೇಡಿ. ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿ ಅಧ್ಯಕ್ಷರಿಗೂ ಲಿಖಿತ ಅರ್ಜಿ ಕೊಟ್ಟೆವು. ರಜೆಯ ದಿನ ಬೀಗ ತೆಗೆಯಲು ಯಾರು ಬರುತ್ತಾರೆ, ನೀರಿನ ಟ್ಯಾಂಕು ತುಂಬಿಸುವವರು ಯಾರು, ಶೌಚಾಲಯ ತೊಳೆಸುವವರು ಯಾರು ಎಂಬುದನ್ನೆಲ್ಲ ಮೊದಲೇ ಮಾತಾಡಿಕೊಳ್ಳಬೇಕು. ರಜೆಯಲ್ಲಿ ಮುಚ್ಚಿದ ಶಾಲೆಯ ನಲ್ಲಿಯಲ್ಲಿ ನೀರು ಬರುತ್ತದೆ ಎಂದು ನಂಬಬೇಡಿ, ಒಂದು ವಾರ ಮೊದಲೇ ಹೋಗಿ ತಿರುಗಿಸಿ ನೋಡಿ. ನಮ್ಮಲ್ಲಿ ಬರಲಿಲ್ಲ.

ಇನ್ನು ವಂತಿಗೆ. 2024ರ ಸಂದೇಶದಲ್ಲಿ 1500 ಎಂದು ಬರೆದಿದ್ದೆನಲ್ಲ, ಆ ಸಂಖ್ಯೆಯನ್ನು ನಾನು ಎಲ್ಲಿಂದ ತಂದೆ ಎಂಬುದು ನನಗೇ ಗೊತ್ತಿಲ್ಲ. ಈ ಸಲ ಲೆಕ್ಕದ ಗೆಳೆಯ ಕಾಗದದ ಮೇಲೆ ಗೆರೆ ಎಳೆದು ಎರಡು ಭಾಗ ಮಾಡಿದ. ಎಷ್ಟು ಜನ ಬಂದರೂ ಬದಲಾಗದ ಖರ್ಚು ಒಂದು ಕಡೆ, ತಲೆಗೆ ಇಷ್ಟು ಎಂದು ಬೆಳೆಯುವ ಖರ್ಚು ಇನ್ನೊಂದು ಕಡೆ. ಶಾಮಿಯಾನ, ಕುರ್ಚಿ, ಮೈಕು 4500. ಎಂಟು ಮಂದಿ ಗುರುಗಳಿಗೆ ಶಾಲು, ನೆನಪಿನ ಕಾಣಿಕೆ 4000. ಅವರನ್ನು ಕರೆತರುವ ಕಾರು 2000. ಸ್ವಚ್ಛತೆ, ಕಾಗದ ಮುದ್ರಣ 1500. ಕೈಮೀರಿದ್ದಕ್ಕೆ 1500. ಒಟ್ಟು 13,500. ಇದು ಇಪ್ಪತ್ತು ಜನ ಬಂದರೂ ಅಷ್ಟೇ, ಅರವತ್ತು ಜನ ಬಂದರೂ ಅಷ್ಟೇ. ಇನ್ನೊಂದು ಕಡೆ ಊಟ: ನಮ್ಮವರು 40, ಮಕ್ಕಳು, ಗುರುಗಳು, ಕೆಲಸದವರು ಸೇರಿ 70 ಎಲೆ, ತಲಾ 200ರಂತೆ 14,000. ಚಹಾ, ನೀರು 2500. ಒಟ್ಟು 16,500. ಎರಡನ್ನೂ ಕೂಡಿಸಿ 30,000 ಮಾಡಿ ನಲವತ್ತರಿಂದ ಭಾಗಿಸಿದರೆ ತಲಾ 750 ಆಗುತ್ತದೆ. ಎಲ್ಲರೂ ಮಾಡುವ ತಪ್ಪು ಇದೇ. ನಲವತ್ತು ಜನ ಬರುವ ಕಡೆ ಮೂವತ್ತು ಜನ ಬಂದರೆ ಬದಲಾಗದ ಖರ್ಚಿನ ಭಾರವೆಲ್ಲ ಕರೆದವರ ಹೆಗಲಿಗೆ ಬೀಳುತ್ತದೆ. 750 ಎಂದು ಓದಿ ಬರಲಾರದೆ ಉಳಿದವರೂ ಇರುತ್ತಾರೆ.

ನಾವು ಕಾಗದ ಕಳುಹಿಸುವ ಮೊದಲೇ, ಕೈಲಾಗುವ ಒಂಬತ್ತು ಜನರಿಗೆ ಬೇರೆಯಾಗಿ ಫೋನು ಮಾಡಿ ತಲಾ 1500 ಕೇಳಿದೆವು. ಕೊಲ್ಲಿಯಿಂದ ಬರಲಾಗದವರೂ ಇದರಲ್ಲಿ ಇದ್ದರು. 13,500 ಅಲ್ಲಿಗೆ ಮುಗಿಯಿತು. ಉಳಿದ 16,500ನ್ನು ನಲವತ್ತರಿಂದ ಭಾಗಿಸಿದರೆ 412, ಕಾಗದದಲ್ಲಿ 400 ಎಂದು ಬರೆದೆವು. ಆ ಸಂಖ್ಯೆಯ ಕೆಳಗೆ ಎರಡು ಸಾಲು ಸೇರಿಸಿದೆವು: ಹಣ ಈಗ ಕಳುಹಿಸಬೇಡಿ, ಕೊಡಲು ಆಗದಿದ್ದರೂ ಬನ್ನಿ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬ ಪಟ್ಟಿಯನ್ನು ಗುಂಪಿನಲ್ಲಿ ಹಾಕುವುದಿಲ್ಲ. ಲೆಕ್ಕ ಹಾಕುತ್ತೇವೆ, ಹೆಸರು ಹಾಕುವುದಿಲ್ಲ.

ಈ ಸಾಲುಗಳ ಬೆಲೆ ನನಗೆ ಗೊತ್ತಾದದ್ದು ಪುನರ್ಮಿಲನದ ದಿನ. ನಮ್ಮ ಬ್ಯಾಚಿನ ಒಬ್ಬ ಆಟೋ ಓಡಿಸುತ್ತಾನೆ. ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನಾತ್ ಹಾಡುತ್ತಿದ್ದವನು. 2024ರ ಸಂದೇಶಕ್ಕೆ ಅವನು ಉತ್ತರವನ್ನೇ ಕೊಟ್ಟಿರಲಿಲ್ಲ. ಇವನಿಗೆ ನಮ್ಮ ನೆನಪಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಊಟದ ಹೊತ್ತಿನಲ್ಲಿ ಹೇಳಿದ: "1500 ಅಂತ ಓದಿದೆ, ಫೋನು ಮಗುಚಿ ಇಟ್ಟೆ. ಗಾಡಿಯ ಕಂತು ಕಟ್ಟಿದ ಮೇಲೆ ಅಷ್ಟು ಉಳಿಸಲು ನನಗೆ ಐದು ದಿನ ಬೇಕು. ಆಗಲ್ಲ ಅಂತ ಗುಂಪಿನಲ್ಲಿ ಹೆಂಗೆ ಬರೆಯಲಿ?" ಉತ್ತರ ಕೊಡದೆ ಇದ್ದವರೆಲ್ಲ ಮರೆತವರಲ್ಲ. ಎಷ್ಟೋ ಸಲ "ಇಲ್ಲ" ಎನ್ನಲು ಮರ್ಯಾದೆಯ ದಾರಿಯನ್ನೇ ನಾವು ಇಟ್ಟಿರುವುದಿಲ್ಲ.

ಉತ್ತರ ಕೊಡುವ ದಾರಿಯ ಬಗ್ಗೆ ನಾವು ಹೆಚ್ಚು ತಲೆ ಕೆಡಿಸಿಕೊಂಡದ್ದು ಅದಕ್ಕೇ. ಮೊಬೈಲ್ ಅಂಗಡಿಯ ಗೆಳೆಯ ಗೂಗಲ್ ಫಾರಂ ಮಾಡಿದ. ನೋಡಲು ಚೆಂದ. ಒಬ್ಬರು ಎರಡು ಸಲ ತುಂಬಬಾರದು ಎಂಬ ಕಟ್ಟಳೆ ಹಾಕಿದ್ದರಿಂದ ಅದು ಗೂಗಲ್ ಖಾತೆಯಿಂದ ಒಳಗೆ ಬರಲು ಹೇಳುತ್ತಿತ್ತು, ಪಾಸ್‌ವರ್ಡ್ ನೆನಪಿಲ್ಲದವರು ಅಲ್ಲೇ ನಿಂತರು. ಹಾಗಾದರೆ ವಾಟ್ಸಾಪ್ ಗುಂಪಿನಲ್ಲೇ ಮತದಾನ ಇಡೋಣ ಎಂದ. ಅದರಲ್ಲಿ ಯಾರು ಯಾವುದಕ್ಕೆ ಒತ್ತಿದರು ಎಂಬುದು ಇಡೀ ಗುಂಪಿಗೆ ಕಾಣುತ್ತದೆ. ಆಟೋದ ಗೆಳೆಯನಂಥವರು ಒತ್ತುವುದಿಲ್ಲ, ಗುಂಪಿನಲ್ಲಿ ಇಲ್ಲದ ಹದಿನೆಂಟು ಜನ ಒತ್ತಲಾರರು. ಕೊನೆಗೆ ಎಲ್ಲಕ್ಕಿಂತ ಹಳೆಯ ಉಪಾಯಕ್ಕೇ ಬಂದೆವು. ಎರಡು ನಂಬರು ಕೊಡುವುದು, ಹೆಣ್ಣುಮಕ್ಕಳಿಗೆ ನನ್ನದು, ಗಂಡಸರಿಗೆ ಅಂಗಡಿಯ ಗೆಳೆಯನದು. ಒಂದು ಪದದ ಸಂದೇಶ ಅಥವಾ ಒಂದು ಮಿಸ್ಡ್ ಕಾಲ್.

ಆ ಒಂದು ಪದ ಯಾವುದು ಎಂಬುದರಲ್ಲೂ ಎಡವಿದೆವು. ಮೊದಲ ಕರಡಿನಲ್ಲಿ "ಮೇ 11 ಆದರೆ 1 ಎಂದು, ಮೇ 18 ಆದರೆ 2 ಎಂದು ಕಳುಹಿಸಿ, ಎಷ್ಟು ಮಕ್ಕಳು ಎಂದೂ ತಿಳಿಸಿ" ಎಂದಿತ್ತು. ಕಳುಹಿಸುವ ಮೊದಲು ಮೂವರಿಗೆ ತೋರಿಸಿ ಪರೀಕ್ಷೆ ಮಾಡಿದೆವು. ಒಬ್ಬಳು "2" ಎಂದು ಉತ್ತರಿಸಿದಳು. ಹದಿನೆಂಟನೆಯ ತಾರೀಖೋ, ಇಬ್ಬರು ಮಕ್ಕಳೋ? ಕೇಳಿದರೆ ಅವಳಿಗೂ ನಗು. ಆಮೇಲೆ ಉತ್ತರವೇ ತಾರೀಖು ಎಂದು ಬದಲಿಸಿದೆವು. ನೀವು ಬರೆದ ಕಾಗದವನ್ನು ನಿಮ್ಮ ಬ್ಯಾಚಿನ ಅತಿ ಬುದ್ಧಿವಂತನಿಗೆ ತೋರಿಸಬೇಡಿ, ಅವನಿಗೆ ಎಲ್ಲವೂ ಅರ್ಥವಾಗುತ್ತದೆ. ಫೋನಿನಲ್ಲಿ ಟೈಪು ಮಾಡಲು ಬೇಸರಪಡುವವರಿಗೆ ತೋರಿಸಿ.

2025ರ ಏಪ್ರಿಲ್ 8ರಂದು ಕಳುಹಿಸಿದ ಕಾಗದ ಇದು. ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಉರ್ದು.

"2005ರ ಬ್ಯಾಚಿನ ಪ್ರಿಯ ಸಹಪಾಠಿಗೆ, ಸಲಾಂ.

ನಾವು ಹತ್ತನೆಯ ತರಗತಿ ಮುಗಿಸಿ ಇಪ್ಪತ್ತು ವರ್ಷವಾಯಿತು. ಒಂದು ದಿನ ನಮ್ಮ ಶಾಲೆಯಲ್ಲೇ ಸೇರುತ್ತಿದ್ದೇವೆ. ನಮಗೆ ಕಲಿಸಿದ ಗುರುಗಳನ್ನೂ ಕರೆದಿದ್ದೇವೆ.

ದಿನ: ಸದ್ಯಕ್ಕೆ 2025 ಮೇ 18, ಭಾನುವಾರ. ಹೆಚ್ಚು ಜನರಿಗೆ ಆಗದಿದ್ದರೆ ಮೇ 11, ಭಾನುವಾರ. ಈ ಎರಡರಲ್ಲಿ ಒಂದು. ಏಪ್ರಿಲ್ 25ರಂದು ಖಚಿತವಾಗಿ ತಿಳಿಸುತ್ತೇವೆ.

ಹೊತ್ತು: ಬೆಳಿಗ್ಗೆ 10.30ರಿಂದ 4ರವರೆಗೆ. ಜುಹರ್ ನಮಾಜಿನ ನಂತರ ಊಟ. ತಡವಾಗಿ ಬಂದರೂ, ಬೇಗ ಹೋದರೂ ಅಡ್ಡಿಯಿಲ್ಲ.

ಸ್ಥಳ: ನಮ್ಮ ಶಾಲೆಯ ಹಜಾರ. ಅನುಮತಿ ಸಿಗದಿದ್ದರೆ ಊರಿನ ಶಾದಿ ಮಹಲು. ಹೆಣ್ಣುಮಕ್ಕಳಿಗೆ ಬೇರೆ ಕೋಣೆಯೂ ಇರುತ್ತದೆ.

ಯಾರು: ಬ್ಯಾಚಿನವರು. ಹತ್ತು ವರ್ಷದೊಳಗಿನ ಮಕ್ಕಳನ್ನು ಕರೆತರಬಹುದು.

ವಂತಿಗೆ: 400 ರೂಪಾಯಿ, ಮಕ್ಕಳಿಗೆ ಇಲ್ಲ. ಹಣ ಈಗ ಕಳುಹಿಸಬೇಡಿ, ದಿನ ಖಚಿತವಾದ ಮೇಲೆ ಹೇಳುತ್ತೇವೆ. ಕೊಡಲು ಆಗದಿದ್ದರೂ ಬನ್ನಿ, ಯಾರೂ ಕೇಳುವುದಿಲ್ಲ. ಕೊಟ್ಟವರ ಪಟ್ಟಿಯನ್ನು ಎಲ್ಲಿಯೂ ಹಾಕುವುದಿಲ್ಲ.

ಉತ್ತರ: ಏಪ್ರಿಲ್ 20ರೊಳಗೆ ಕೆಳಗಿನ ನಂಬರಿಗೆ ಒಂದೇ ಮಾತು ಕಳುಹಿಸಿ: '18' ಅಥವಾ '11' ಅಥವಾ 'ಎರಡೂ' ಅಥವಾ 'ಆಗಲ್ಲ' ಅಥವಾ 'ಗೊತ್ತಿಲ್ಲ'. ಟೈಪು ಮಾಡುವುದು ಬೇಡ ಎಂದರೆ ಮಿಸ್ಡ್ ಕಾಲ್ ಕೊಡಿ, ನಾವೇ ಕರೆಯುತ್ತೇವೆ. ಗುಂಪಿನಲ್ಲಿ ಉತ್ತರ ಹಾಕಬೇಡಿ.

ನಿಮಗೆ ಗೊತ್ತಿರುವ, ಈ ಕಾಗದ ಸಿಗದ ಸಹಪಾಠಿ ಯಾರಾದರೂ ಇದ್ದರೆ ಅವರ ಹೆಸರು ತಿಳಿಸಿ."

ಇಷ್ಟೇ. ಇದರಲ್ಲಿ ಶೇರ್ ಇಲ್ಲ, ಬಾಲ್ಯದ ಸವಿನೆನಪುಗಳ ವರ್ಣನೆ ಇಲ್ಲ. ಉರ್ದು ಮಾಸ್ತರಳಾಗಿ ನನ್ನ ಕೈ ತುರಿಸಿತು, ನಿಜ. ಆದರೆ ಮೊದಲ ಪರದೆಯಲ್ಲಿ ಶಾಯರಿ ತುಂಬಿದರೆ ದಿನಾಂಕ ಎರಡನೆಯ ಪರದೆಗೆ ಹೋಗುತ್ತದೆ, ಅಲ್ಲಿಯವರೆಗೆ ಯಾರೂ ಹೋಗುವುದಿಲ್ಲ. ಓದಲು ಕಷ್ಟಪಡುವವರಿಗಾಗಿ ಇದನ್ನೇ ನಮ್ಮ ದಖನಿ ಮಾತಿನಲ್ಲಿ ಒಂದು ನಿಮಿಷದ ಧ್ವನಿ ಸಂದೇಶ ಮಾಡಿ ಕಳುಹಿಸಿದೆ. ಫೋನಿಲ್ಲದವರ ಮನೆಗಳಿಗೆ ಮುದ್ರಿಸಿದ ಹಾಳೆಯನ್ನು ನಾವೇ ಹೋಗಿ ಕೊಟ್ಟು ಬಂದೆವು. ಒಬ್ಬ ಸಹಪಾಠಿಯ ಅತ್ತೆ ಹಾಳೆಯನ್ನು ಎರಡೂ ಮಗ್ಗುಲು ಓದಿಸಿಕೊಂಡು, "ಟೀಚರಮ್ಮನೇ ಬಂದು ಕೇಳಿದ ಮೇಲೆ ಕಳಿಸದೆ ಇರೋದು ಹೇಗೆ" ಎಂದರು. ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಎಂಬ ಒಂದು ಸಾಲು, ಉತ್ತರಕ್ಕೆ ಹೆಂಗಸಿನ ನಂಬರು, ಇವೆರಡೂ ಎಷ್ಟು ಬಾಗಿಲು ತೆರೆದವು ಎಂಬುದನ್ನು ಗಂಡಸರು ಊಹಿಸಲಾರರು.

ಉತ್ತರಗಳು ಹೀಗೆ ಬಂದವು. ಏಪ್ರಿಲ್ 20ರವರೆಗೆ 61ರಲ್ಲಿ 52 ಜನ ಉತ್ತರಿಸಿದರು. ಬರುತ್ತೇವೆ ಎಂದವರು 34, ಆಗಲ್ಲ ಎಂದವರು 11, ಗೊತ್ತಿಲ್ಲ ಎಂದವರು 7. ಬರುವವರಲ್ಲಿ 15 ಜನ '18' ಎಂದರು, 6 ಜನ '11' ಎಂದರು, 13 ಜನ 'ಎರಡೂ' ಎಂದರು. ಹಾಗಾಗಿ 18ಕ್ಕೆ 28 ಜನ, 11ಕ್ಕೆ 19 ಜನ. ಚರ್ಚೆಗೆ ಜಾಗವೇ ಉಳಿಯಲಿಲ್ಲ. '11' ಎಂದ ಆರು ಜನರಿಗೂ ನಾವೇ ಫೋನು ಮಾಡಿ ಕಾರಣ ಹೇಳಿದೆವು, ಮೂವರು ಹೊಂದಿಸಿಕೊಂಡರು. ಇನ್ನು ಮೂವರಿಗೆ ಆಗಲಿಲ್ಲ. ಅವರಿಗೆ ಬೇಸರವಾಯಿತು, ಅದನ್ನು ತಪ್ಪಿಸುವ ಉಪಾಯ ನನಗೆ ಗೊತ್ತಿಲ್ಲ. ಉತ್ತರ ಕೊಡದ ಒಂಬತ್ತು ಜನರಿಗೆ ಗುಂಪಿನಲ್ಲಿ ಹೆಸರು ಹಿಡಿದು ನೆನಪಿಸಲಿಲ್ಲ, ಒಬ್ಬೊಬ್ಬರಿಗೇ ಕರೆ ಮಾಡಿದೆವು. 'ಗೊತ್ತಿಲ್ಲ' ಎಂಬುದನ್ನು ಉತ್ತರವಾಗಿ ಒಪ್ಪಿಕೊಂಡದ್ದು ಒಳ್ಳೆಯದಾಯಿತು. ಆ ಏಳರಲ್ಲಿ ಐವರು ಬಂದರು. ಮೌನವಾಗಿದ್ದ ಒಂಬತ್ತರಲ್ಲಿ ನಾಲ್ವರು ಬಂದರು. ಬಂದೇ ಬರುತ್ತೇವೆ ಎಂದಿದ್ದವರಲ್ಲಿ ಇಬ್ಬರು ಬರಲಿಲ್ಲ. ಒಟ್ಟು 38.

ಮೇ 18ರಂದು ಬೆಳಿಗ್ಗೆಯಿಂದಲೇ ಮೋಡ. ಆ ವರ್ಷದ ಮೇ ತಿಂಗಳ ಮಳೆ ನಿಮಗೂ ನೆನಪಿರಬಹುದು. ಅಡುಗೆಯ ಜಾಗಕ್ಕೆ ತಾಡಪಾಲು ತರಿಸಿದೆವು, ಕೈಮೀರಿದ ಖರ್ಚಿನಲ್ಲಿ 800 ಅದಕ್ಕೇ ಹೋಯಿತು. ಎಂಟು ಗುರುಗಳಲ್ಲಿ ಆರು ಮಂದಿ ಬಂದರು. ಕನ್ನಡ ಮೇಷ್ಟ್ರಿಗೂ ಗಣಿತದ ಮೇಡಂಗೂ ಸಸ್ಯಾಹಾರದ ಅಡುಗೆಯನ್ನು ಬೇರೆ ಮನೆಯಿಂದ ಬೇರೆ ಪಾತ್ರೆಯಲ್ಲೇ ತರಿಸಿದ್ದೆವು. ಮೇಷ್ಟ್ರು ಹಾಜರಿ ಪುಸ್ತಕ ತರಿಸಿಕೊಂಡು 74 ಹೆಸರುಗಳನ್ನೂ ಕೂಗಿದರು. ತೀರಿಕೊಂಡ ಮೂವರ ಹೆಸರು ಬಂದಾಗ ಪಕ್ಕದ ಬೆಂಚಿನವರು ಎದ್ದು ನಿಂತರು. ಅದು ಯಾರೂ ಯೋಜಿಸಿದ್ದಲ್ಲ. ಉರ್ದು ಮಾಸ್ತರರ ಮಗನನ್ನು ಕರೆಸಿದ್ದೆವು, ಶಾಲನ್ನು ಅವನ ಕೈಗೆ ಕೊಟ್ಟೆವು. ಆಟೋದ ಗೆಳೆಯ ನಾತ್ ಹಾಡಿದ. ನನಗೆ ಅದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ.

ಲೆಕ್ಕವನ್ನು ಮೂರನೆಯ ದಿನವೇ ಗುಂಪಿನಲ್ಲಿ ಹಾಕಿದೆವು. ಮೊದಲೇ ಬಂದದ್ದು 13,500. 38 ಜನರಲ್ಲಿ 33 ಜನ ಕೊಟ್ಟ ವಂತಿಗೆ 13,200. ಒಟ್ಟು 26,700. ಊಟ 64 ಎಲೆಗೆ 12,800, ಚಹಾ ನೀರು 2300, ಶಾಮಿಯಾನ ಮೈಕು 4000, ಶಾಲು ಕಾಣಿಕೆ 3000, ಕಾರು 1800, ಸ್ವಚ್ಛತೆ ಮುದ್ರಣ 1400, ತಾಡಪಾಲು 800. ಒಟ್ಟು 26,100. ಉಳಿದ 600 ರೂಪಾಯಿಗೆ ಹತ್ತನೆಯ ತರಗತಿಗೆ ಒಂದು ಗೋಡೆ ಗಡಿಯಾರ ತಂದೆವು. ಐದು ಜನ ಕೊಡಲಿಲ್ಲ, ಆ ಐವರು ಯಾರು ಎಂಬುದು ಲೆಕ್ಕದ ಗೆಳೆಯನಿಗೆ ಮಾತ್ರ ಗೊತ್ತು, ನಾನು ಇವತ್ತಿಗೂ ಕೇಳಿಲ್ಲ.

ಕಾಗದದ ಕೊನೆಯ ಸಾಲಿನಿಂದ ಸುಳಿವು ಸಿಗದ ಹತ್ತು ಜನರಲ್ಲಿ ಮೂವರು ಸಿಕ್ಕಿದ್ದಾರೆ. ಒಬ್ಬಳು ರಾಣೆಬೆನ್ನೂರಿನಲ್ಲಿದ್ದಾಳೆ, ಹರಿಹರದಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಇಪ್ಪತ್ತು ವರ್ಷ ಅಷ್ಟು ಹತ್ತಿರ ಇದ್ದಳು.

ಈ ಕಾಗದದ ಪ್ರತಿಗಳನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ, ಕನ್ನಡ ಉರ್ದು ಎರಡೂ ಇವೆ. ಯಾವ ಬ್ಯಾಚಿನವರಾದರೂ ತೆಗೆದುಕೊಂಡು ಹೋಗಿ, ವರ್ಷವನ್ನೂ ತಾರೀಖನ್ನೂ ಬದಲಿಸಿಕೊಳ್ಳಿ. ನಂಬರಿನ ಜಾಗ ಖಾಲಿ ಬಿಟ್ಟಿದ್ದೇನೆ, ಅದನ್ನು ತುಂಬಲು ಮಾತ್ರ ಮರೆಯಬೇಡಿ.